ಅಂತಿಮ ಬಿಲ್ಲಿಗೆ ಆಕ್ಷೇಪಣೆ, ಅಡಿಗೆಮನೆಯ ತಿದ್ದುಪಡಿಗಳೊಂದಿಗೆ

ಮಾನ್ಯ ಕಂಟ್ರಾಕ್ಟರ್ ಅವರಿಗೆ,

ವಿಷಯ: ಮೈಸೂರು ಕುವೆಂಪುನಗರದ ನಮ್ಮ ಮನೆಯ ರಿಪೇರಿ ಕೆಲಸದ ಅಂತಿಮ ಬಿಲ್ಲು ಮತ್ತು ಅದರೊಳಗೆ ಹೇಳದೆ ಕೇಳದೆ ಬಂದು ಕೂತಿರುವ ಬಾಬ್ತುಗಳು.

ಉಲ್ಲೇಖ: ಒಂದು, ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ತಾವು ಬರೆದುಕೊಟ್ಟ ಕೊಟೇಷನ್. ಎರಡು, ಮೊನ್ನೆ ವಾಟ್ಸ್ಯಾಪಿನಲ್ಲಿ ತಾವು ಕಳಿಸಿದ ಬಿಲ್ಲಿನ ಫೋಟೊ. ಮೂರು, ಆ ಫೋಟೊ ನೋಡಿ ನನ್ನ ಹೆಂಡತಿ ನನಗೆ ಹೇಳಿದ್ದು (ಮೌಖಿಕ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಎಂದು ಶುರುಮಾಡಿದ್ದೆ. ಹಿಂದೆ ನಿಂತು ಓದುತ್ತಿದ್ದ ನಮ್ಮವಳು, "ರೀ, ಇಷ್ಟಕ್ಕೇ ಅವರು ಫೋನ್ ಪಕ್ಕಕ್ಕಿಟ್ಟು ಗಾಡಿ ಸ್ಟಾರ್ಟ್ ಮಾಡಿರ್ತಾರೆ. ಮೊದಲು ದುಡ್ಡಿನ ಮಾತು ಬರೀರಿ" ಎಂದಳು. ಆದ್ದರಿಂದ ಮೊದಲು ದುಡ್ಡು. ನೀವು ಇನ್ನೂ ಬರಬೇಕೆಂದು ಕೇಳಿರುವುದು 2,07,215 ರೂಪಾಯಿ. ನನ್ನ ಲೆಕ್ಕದಲ್ಲಿ ಕೊಡಬೇಕಾದದ್ದು 87,880 ರೂಪಾಯಿ. ನಡುವೆ ಇರುವ 1,19,335 ರೂಪಾಯಿ ಎಲ್ಲಿಂದ ಬಂತು ಎನ್ನುವುದಷ್ಟೇ ಈ ಪತ್ರ. ಇಲ್ಲಿಗೇ ಓದು ನಿಲ್ಲಿಸುವುದಾದರೂ ತೊಂದರೆಯಿಲ್ಲ, ಮುಖ್ಯ ಸಂಗತಿ ತಿಳಿದಂತಾಯಿತು.

ನಾನು ಯಾರೆಂದು ನಿಮಗೆ ಗೊತ್ತು ಅಂದುಕೊಂಡಿದ್ದೆ. ಸರ್ಕಾರದ ಲೆಕ್ಕಪರಿಶೋಧಕನಾಗಿ ನಿವೃತ್ತನಾದವನು. ಸೇತುವೆ, ಕಾಲುವೆ, ಶಾಲೆ ಕಟ್ಟಡ ಎಷ್ಟೋ ಬಿಲ್ಲುಗಳು ನನ್ನ ಮೇಜಿನ ಮೇಲೆ ಬಂದು, ಹಸಿರು ಶಾಯಿಯ ಆಕ್ಷೇಪಣೆ ಹೊತ್ತು ಬಂದ ದಾರಿಯಲ್ಲೇ ವಾಪಸು ಹೋಗಿವೆ. ಅಳತೆ ಪುಸ್ತಕದಲ್ಲಿ, ಅಂದರೆ ಇಲಾಖೆಯವರು ಎಂ.ಬಿ. ಅನ್ನುವುದರಲ್ಲಿ, ಪೆನ್ಸಿಲ್ಲಿನಲ್ಲಿ ಒಂದು ಅಂಕಿ ತಿದ್ದಿದ್ದರೆ ಎಂಜಿನಿಯರುಗಳ ನಿದ್ದೆ ಕೆಡಿಸಿದ್ದೇನೆ. ಅಂಥ ನಾನು ನಮ್ಮ ಮನೆಯ ಕೆಲಸಕ್ಕೆ ಕ್ಯಾಲೆಂಡರ್ ಹಾಳೆ ಒಪ್ಪಿಕೊಂಡೆ. ಅದಕ್ಕೂ ಸಮರ್ಥನೆ ಇದೆ. ಆ ಹಾಳೆಯ ಮುಂಭಾಗದಲ್ಲಿ ಲಕ್ಷ್ಮಿಯ ಚಿತ್ರ ಇತ್ತು, ಒಳ್ಳೆ ಶಕುನ ಅನ್ನಿಸಿತು. ಕೆಲಸ ಶುರುವಾದ ದಿನ ಟ್ಯಾಗ್ ಹಾಕಿದ ಒಂದು ಫೈಲು ಹಿಡಿದು, ಕನ್ನಡಕ ಮೂಗಿನ ತುದಿಗಿಳಿಸಿ, ಬಾಗಿಲಲ್ಲಿ ನಿಂತಿದ್ದೆ. ನಿಮ್ಮ ಹುಡುಗರು ಹೆದರುತ್ತಾರೆ ಅನ್ನುವ ಲೆಕ್ಕ. ಸ್ವಲ್ಪ ಹೊತ್ತಿಗೆ ಅವರಲ್ಲೊಬ್ಬ ಬಂದು, "ಅಂಕಲ್, ಸುಮ್ಮನೆ ನಿಂತಿದ್ದೀರಲ್ಲ, ಒಂದು ಕೇಜಿ ವೈಟ್ ಸಿಮೆಂಟ್ ತಂದುಬಿಡಿ" ಅಂದ. ತಂದೆ. ಮಾರನೇ ದಿನದಿಂದ ಅದೇ ನನ್ನ ಹುದ್ದೆಯಾಯಿತು.

ಇನ್ನು ಬಿಲ್ಲಿಗೆ ಬರುತ್ತೇನೆ. ಕ್ಯಾಲೆಂಡರ್ ಹಾಳೆಯಲ್ಲಿ ಮೂರೇ ಸಾಲು ಇದ್ದವು. "ಬಾತ್‌ರೂಮ್ ಹಳೇದು ಕಿತ್ತು ಹೊಸದು, ಒಟ್ಟು 1,65,000. ಅಡಿಗೆ ಕಟ್ಟೆ ಗ್ರಾನೈಟ್, ಟೈಲ್ಸ್, ಸಿಂಕ್ ಸಮೇತ, ಒಟ್ಟು 1,10,000. ಒಳಗಿನ ಪೇಂಟ್ ಚದರಡಿಗೆ 22, ಅಳತೆ ಪ್ರಕಾರ." ಇದರಲ್ಲಿ ಮೊದಲ ಎರಡು ಸಾಲು ಒಟ್ಟು ಮೊತ್ತದ ಕೆಲಸ, ಮೂರನೆಯದು ದರದ ಕೆಲಸ. ಈ ಎರಡಕ್ಕೂ ಇರುವ ವ್ಯತ್ಯಾಸವೇ ನಮ್ಮ ಜಗಳದ ಮುಕ್ಕಾಲು ಪಾಲು. ಒಟ್ಟು ಮೊತ್ತ ಅಂದಮೇಲೆ ಆ ಕೆಲಸ ಮುಗಿಸಲು ಏನೇನು ಬೇಕೋ ಅದೆಲ್ಲ ಆ ಮೊತ್ತದೊಳಗೇ. ಹೆಚ್ಚು ಆದರೆ ನಿಮಗೆ ನಷ್ಟ, ಕಡಿಮೆ ಆದರೆ ನಿಮಗೆ ಲಾಭ. ದರದ ಕೆಲಸ ಅಂದರೆ ಎಷ್ಟು ಅಳತೆಯೋ ಅಷ್ಟು ದುಡ್ಡು, ಅಲ್ಲಿ ಜಗಳವೆಲ್ಲ ಟೇಪಿನದು.

ಹೀಗಿರುವಾಗ ಬಿಲ್ಲಿನಲ್ಲಿ "ಹಳೇ ಟೈಲ್ಸ್ ಚಿಪ್ಪಿಂಗ್ ಮತ್ತು ಡೆಬ್ರಿಸ್ ಸಾಗಣೆ, 14,000" ಎಂಬ ಸಾಲು ನೋಡಿ ನಾನು ಕ್ಯಾಲೆಂಡರ್ ಹಾಳೆಯನ್ನು ಬೆಳಕಿಗೆ ಹಿಡಿದು ಮತ್ತೆ ಓದಿದೆ. "ಹಳೇದು ಕಿತ್ತು" ಎಂದು ನೀವೇ ಬರೆದಿದ್ದೀರಿ. ಕೀಳುವುದು ಅಂದರೆ ಉಳಿ ಸುತ್ತಿಗೆಯಲ್ಲಿ ಹೊಡೆಯುವುದೇ ಅಲ್ಲವೇ? ಬೇರೆ ಯಾವ ವಿಧಾನದಲ್ಲಿ ಟೈಲ್ಸ್ ಗೋಡೆ ಬಿಟ್ಟು ಬರುತ್ತದೆ ಎಂದು ತಿಳಿಸಿದರೆ ಉಪಕಾರ. ಡೆಬ್ರಿಸ್ ಬಗ್ಗೆ ಹೇಳುವುದಾದರೆ, ಅದರಲ್ಲಿ ಒಂದು ಟ್ರ್ಯಾಕ್ಟರ್ ಲೋಡ್ ಹೋದದ್ದು ನಿಜ. ಉಳಿದದ್ದು ಎದುರಿನ ಖಾಲಿ ಸೈಟಿಗೆ ರಾತ್ರೋರಾತ್ರಿ ಹೇಗೆ ಹೋಯಿತೋ ಗೊತ್ತಿಲ್ಲ. ಬೆಳಿಗ್ಗೆ ಆ ಸೈಟಿನ ಮಾಲೀಕರು ಬಂದಾಗ ನಾನು ಗೇಟಿನ ಹೊರಗೇ ಪೇಪರ್ ಓದುತ್ತಾ ಕೂತಿದ್ದೆ. ನಮ್ಮ ಬಚ್ಚಲಿನ ಹಳೇ ಹಸಿರು ಟೈಲ್ಸಿನ ತುಂಡೊಂದನ್ನು ಕೈಯಲ್ಲಿ ಹಿಡಿದು, "ಇದು ನಿಮ್ಮದೇನಾ ಸಾರ್?" ಎಂದರು. ಆ ಬಣ್ಣದ ಟೈಲ್ಸ್ ಇಡೀ ಬೀದಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ, ಅದನ್ನು ಆರಿಸಿದವನು ನಾನೇ. ಎರಡನೇ ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟವನೂ ನಾನೇ, ಅದನ್ನು ನಿಮ್ಮ ಲೆಕ್ಕದಲ್ಲಿ ಕಳೆದಿಲ್ಲ. ಆದ್ದರಿಂದ ಈ 14,000 ಒಪ್ಪಲಾಗದು.

ಹಾಗೆಂದು ಹೆಚ್ಚುವರಿ ಅಂದ ಕೂಡಲೇ ಕೆಂಪು ಗೆರೆ ಎಳೆಯುವವನು ನಾನಲ್ಲ. ಪೈಪಿನ 18,600 ರೂಪಾಯಿಯನ್ನು ಪೂರ್ತಿ ಒಪ್ಪುತ್ತೇನೆ, ಯಾಕೆ ಎಂದೂ ಹೇಳುತ್ತೇನೆ. ಗೋಡೆ ಒಡೆದ ದಿನ ನಿಮ್ಮ ಪ್ಲಂಬರು ಒಳಗಿದ್ದ ಹಳೇ ಜಿಐ ಪೈಪಿನ ಗೇಣುದ್ದದ ತುಂಡೊಂದನ್ನು ಕೊಯ್ದು ತಂದು ನನ್ನ ಅಂಗೈ ಮೇಲಿಟ್ಟ. ಹೊರಗಿನಿಂದ ಅರ್ಧ ಇಂಚಿನ ಪೈಪು, ಒಳಗೆ ಕಣ್ಣಿಟ್ಟು ನೋಡಿದರೆ ಪೆನ್ಸಿಲ್ಲು ತೂರುವಷ್ಟೂ ಜಾಗವಿಲ್ಲ. ತುಕ್ಕು ಪದರ ಪದರವಾಗಿ ಬೆಳೆದು, ಮುಟ್ಟಿದರೆ ಕಾಫಿಪುಡಿ ಬಣ್ಣದಲ್ಲಿ ಉದುರುತ್ತಿತ್ತು. ಸತುವಿನ ಲೇಪ ಸವೆದ ಮೇಲೆ ಕಬ್ಬಿಣ ಹೀಗೇ ಆಗುವುದು. ಇಷ್ಟು ವರ್ಷ ಮೇಲಿನ ಟ್ಯಾಂಕಿನಲ್ಲಿ ಪ್ರೆಷರ್ ಇಲ್ಲ ಎಂದು ನಾನು ಟ್ಯಾಂಕನ್ನೇ ಬೈದುಕೊಂಡಿದ್ದೆ. ಗೋಡೆಯೊಳಗೆ ಇದ್ದದ್ದನ್ನು ಕೊಟೇಷನ್ ಬರೆಯುವಾಗ ನೀವೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಕಂಡ ಕೂಡಲೇ ನೀವು ಕೆಲಸ ನಿಲ್ಲಿಸಿ ಫೋನ್ ಮಾಡಿದಿರಿ, ಸಿಪಿವಿಸಿ ಪೈಪಿಗೆ ಇಷ್ಟಾಗುತ್ತದೆ ಎಂದು ಮೊದಲೇ ಹೇಳಿದಿರಿ, ನಮ್ಮವಳು "ಹಾಕ್ಸಿಬಿಡಿ" ಎಂದಳು. ಹೊರಗಿನಿಂದ ಕಾಣದ ಕೆಲಸ, ಮುಂಚೆಯೇ ಹೇಳಿದ ದರ, ಮನೆಯವರ ಒಪ್ಪಿಗೆ. ಹೆಚ್ಚುವರಿ ಬಾಬ್ತು ಅಂದರೆ ಹೀಗಿರಬೇಕು. ನಾನು ಸೇವೆಯಲ್ಲಿದ್ದಾಗಲೂ ಇಂಥದ್ದಕ್ಕೆ ತಕರಾರು ತೆಗೆದವನಲ್ಲ.

ಗ್ರಾನೈಟ್ ಅಂಚಿನ ಮೋಲ್ಡಿಂಗ್ 26 ರನ್ನಿಂಗ್ ಅಡಿಗೆ 250ರಂತೆ 6,500 ಕೂಡ ಒಪ್ಪಿದೆ. ಒಪ್ಪದೆ ವಿಧಿಯಿಲ್ಲ. ನೀವು ಕಳಿಸಿದ ಸ್ಯಾಂಪಲ್ ಫೋಟೊ ಮತ್ತು ದರಕ್ಕೆ ನಮ್ಮ ಮನೆಯ ಫೋನಿನಿಂದ ಹೆಬ್ಬೆಟ್ಟಿನ ಚಿತ್ರ ಬಂದಿದೆ, ಆ ಹೆಬ್ಬೆಟ್ಟು ನನ್ನದಲ್ಲ. ಆದರೆ ಅದರ ಕೆಳಗೇ ಇರುವ "ಸಿಂಕ್ ಹೋಲ್ ಕಟಿಂಗ್, 1,500" ಒಪ್ಪುವುದಿಲ್ಲ. "ಸಿಂಕ್ ಸಮೇತ" ಎಂದು ಬರೆದುಕೊಟ್ಟಮೇಲೆ ಸಿಂಕು ಕೂರುವ ತೂತೂ ಸಮೇತವೇ. ಕಟ್ಟೆಯ ಮೇಲೆ ಸಿಂಕನ್ನು ಬೋರಲು ಹಾಕಿ ಹೋಗುತ್ತೀರಿ ಎಂದು ನಾವು ಭಾವಿಸಿರಲಿಲ್ಲ.

ಈಗ ಗೂಡಿನ ವಿಷಯ. ಇದು ನನಗೆ ಬಹಳ ತಲೆನೋವು ತಂದದ್ದು, ಹೊರಗೂ ಒಳಗೂ.

ಬಚ್ಚಲುಮನೆಯ ಗೋಡೆಯಲ್ಲಿ, ಶವರಿನ ಎಡಗಡೆ, ಎರಡಡಿ ಅಗಲ ಒಂದಡಿ ಎತ್ತರದ ಒಂದು ಗೂಡು ಮಾಡಿದ್ದೀರಿ. ಒಳಗೆ ಟೈಲ್ಸ್, ಕೆಳಗೆ ಗ್ರಾನೈಟ್ ಹಲಗೆ, ಅಂಚಿಗೆ ಪಾಲಿಷ್. ಬಿಲ್ಲು 8,500. ಇದನ್ನು ನಾನು ಕೇಳಿರಲಿಲ್ಲ. ನಮ್ಮವಳೂ ಕೇಳಿರಲಿಲ್ಲ. ನೀವೇನೋ "ಸಾರ್ ಅವತ್ತು ತಲೆ ಆಡಿಸಿದ್ರು" ಎನ್ನುತ್ತೀರಿ. ಸ್ವಾಮಿ, ನಾನು ತಲೆ ಆಡಿಸದ ವಿಷಯ ಯಾವುದಿದೆ? ಟಿವಿಯಲ್ಲಿ ಹವಾಮಾನ ವರದಿ ಓದುವಾಗಲೂ ಆಡಿಸುತ್ತೇನೆ. ಮದುವೆಯಾದ ಹೊಸದರಲ್ಲೇ ಅಂಟಿಕೊಂಡ ಅಭ್ಯಾಸ ಅದು. ಅದರ ಮೇಲೆ 8,500 ರೂಪಾಯಿಯ ಕೆಲಸ ಕೈಗೆತ್ತಿಕೊಳ್ಳುವುದು ನಿಮ್ಮಂಥ ಅನುಭವಸ್ಥರಿಗೆ ತಕ್ಕದ್ದಲ್ಲ. ಕೇಳದ ಕೆಲಸ, ದುಡ್ಡಿಲ್ಲ ಎಂದು ಮೊದಲ ಕರಡಿನಲ್ಲಿ ಬರೆದು ಅಡಿಗೆರೆಯನ್ನೂ ಎಳೆದಿದ್ದೆ.

ಆ ಸಂಜೆ ನನ್ನ ಭಾವಮೈದ ಬಂದ. ಅವನು ವಕೀಲ. ನಮ್ಮ ಮನೆಗೆ ಬಂದಾಗ ಸಲಹೆಗೆ ಫೀಸು ತೆಗೆದುಕೊಳ್ಳುವುದಿಲ್ಲ, ಊಟ ಮಾಡುತ್ತಾನೆ. ಕರಡು ಓದಿ, "ಭಾವ, ಕಾಂಟ್ರ್ಯಾಕ್ಟ್ ಆ್ಯಕ್ಟಿನ 70ನೇ ಸೆಕ್ಷನ್ ಗೊತ್ತಾ?" ಎಂದ. 1872ರ ಕಾಯ್ದೆ. ಬಿಟ್ಟಿ ಮಾಡುವ ಉದ್ದೇಶವಿಲ್ಲದೆ ಒಬ್ಬ ಇನ್ನೊಬ್ಬನಿಗಾಗಿ ನ್ಯಾಯಸಮ್ಮತವಾಗಿ ಏನಾದರೂ ಮಾಡಿಕೊಟ್ಟು, ಆ ಇನ್ನೊಬ್ಬ ಅದರ ಪ್ರಯೋಜನ ಅನುಭವಿಸಿದರೆ, ಒಪ್ಪಂದ ಇಲ್ಲದಿದ್ದರೂ ಪರಿಹಾರ ಕೊಡಬೇಕು ಎನ್ನುವುದು ಅದರ ಸಾರ. ಬಂಗಾಳದಲ್ಲಿ ಒಬ್ಬ ಗುತ್ತಿಗೆದಾರರು ಸರ್ಕಾರದ ಕ್ರಮಬದ್ಧ ಕರಾರಿಲ್ಲದೆಯೇ ಕಚೇರಿ, ಉಗ್ರಾಣ ಇತ್ಯಾದಿ ಕಟ್ಟಿಕೊಟ್ಟರಂತೆ. ಸರ್ಕಾರ ಅವನ್ನೆಲ್ಲ ಚೆನ್ನಾಗಿ ಬಳಸಿಕೊಂಡು, ಕರಾರು ಸಿಂಧುವಲ್ಲ, ದುಡ್ಡು ಕೊಡುವುದಿಲ್ಲ ಎಂದಿತು. ಮೊಂಡಲ್ ಪ್ರಕರಣ ಎಂದು ಹೆಸರಾದ ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತೀರ್ಪು 1962ರ ಎಐಆರ್‌ನಲ್ಲಿ ವರದಿಯಾಗಿದೆ, ಬಳಸಿಕೊಂಡ ಮೇಲೆ ಕೊಡಲೇಬೇಕು ಎಂದು. ಆದರೆ ನ್ಯಾಯಾಲಯ ಇನ್ನೊಂದು ಮಾತನ್ನೂ ಹೇಳಿದೆ. ಬೇಡದ್ದನ್ನು ತಂದುಕೊಟ್ಟರೆ ಬೇಡ ಎನ್ನುವ, ವಾಪಸು ಕೊಡುವ ಹಕ್ಕು ಪಡೆದವನಿಗೆ ಇದ್ದೇ ಇದೆ. ತಾನಾಗಿ ಇಟ್ಟುಕೊಂಡು ಅನುಭವಿಸಿದರೆ ಮಾತ್ರ ಈ ಸೆಕ್ಷನ್ ತಗಲುತ್ತದೆ.

"ಹಾಗಾದರೆ ನಾವು ಗೂಡನ್ನು ಅನುಭವಿಸಿಯೇ ಇಲ್ಲ. ಮುಚ್ಚಿಹಾಕಿ ಎಂದು ಬರೆಯುತ್ತೇನೆ" ಎಂದೆ. ಭಾವಮೈದ ಎದ್ದು ಬಚ್ಚಲಿಗೆ ಹೋದ. ಗೂಡಿನಲ್ಲಿ ಸೀಗೆಪುಡಿಯ ಡಬ್ಬ, ಎರಡು ಬಗೆಯ ಶಾಂಪೂ, ಅರಿಶಿನದ ಕೊಂಬು, ನನ್ನ ಶೇವಿಂಗ್ ಬ್ರಷ್ಷು, ಜೊತೆಗೆ ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿಸಿ ಬಿಟ್ಟ ಒಂದು ಮನಿಪ್ಲಾಂಟ್ ಬಳ್ಳಿ. ಬಳ್ಳಿ ಆಗಲೇ ಎರಡು ಹೊಸ ಎಲೆ ಬಿಟ್ಟಿತ್ತು. ಅವನು ವಾಪಸು ಬಂದು, "ಭಾವ, ಅನುಭವ ಚಿಗುರಿದೆ" ಎಂದಷ್ಟೇ ಹೇಳಿ ಊಟಕ್ಕೆ ಕೂತ. ಮುಚ್ಚಿಸುವ ಮಾತನ್ನು ನಾನು ಇನ್ನೊಮ್ಮೆ ಎತ್ತಿದಾಗ ನಮ್ಮವಳು, "ಮುಚ್ಚಿಸಿ, ಆಮೇಲೆ ಶಾಂಪೂನೆಲ್ಲ ನೀವೇ ತಲೆ ಮೇಲಿಟ್ಟುಕೊಂಡು ನಿಂತ್ಕೊಳ್ಳಿ" ಎಂದಳು. ಅದಕ್ಕೂ ತಲೆ ಆಡಿಸಿದೆ.

ಆದರೆ ಗಮನಿಸಿ. ಆ ಸೆಕ್ಷನ್ ಕೊಡಿಸುವುದು ಪರಿಹಾರವನ್ನು, ನೀವು ಬಿಲ್ಲಿನಲ್ಲಿ ಬರೆದ ಬೆಲೆಯನ್ನಲ್ಲ. ಕೆಲಸಕ್ಕೆ ನ್ಯಾಯವಾಗಿ ಎಷ್ಟು ತಗಲುತ್ತದೋ ಅಷ್ಟು. ಗೂಡು ಮಾಡಲು ಒಬ್ಬ ಗಾರೆಯವ, ಒಬ್ಬ ಸಹಾಯಕ ಒಂದು ದಿನ ಕೆಲಸ ಮಾಡಿದ್ದನ್ನು ನಾನೇ ನೋಡಿದ್ದೇನೆ, ಅವರಿಗೆ ಕಾಫಿ ಕೊಟ್ಟವನೂ ನಾನೇ. ಒಳಗಿನ ಟೈಲ್ಸ್ ನಮ್ಮ ಬಚ್ಚಲಿಗೇ ತಂದು ಉಳಿದದ್ದು. ಗ್ರಾನೈಟ್ ಹಲಗೆಯ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಮೇಲೆ ಮುಂಗೈಯಷ್ಟು ಉದ್ದದ ಒಂದು ಬಿಳಿ ಗೆರೆ ಇದೆ. ಅದೇ ಗೆರೆ ಅಡಿಗೆ ಕಟ್ಟೆಯ ಸಿಂಕಿನ ಬಲಗಡೆ ಬಂದು ತಟ್ಟನೆ ನಿಂತುಹೋಗಿದೆ. ಅಂದರೆ ಸಿಂಕು ಕೂರಿಸಲು ಕೊಯ್ದು ತೆಗೆದ ತುಂಡೇ ಗೂಡಿನಲ್ಲಿ ಕೂತಿದೆ. ಕೊಯ್ದದ್ದಕ್ಕೆ 1,500 ಹಾಕಿ, ಕೊಯ್ದ ತುಂಡಿಗೆ ಇನ್ನೊಮ್ಮೆ ಬೆಲೆ ಹಾಕಿದ್ದೀರಿ. ನನ್ನ ಇಡೀ ಸೇವೆಯಲ್ಲಿ ಇಷ್ಟು ಅಚ್ಚುಕಟ್ಟಾದ ಬಾಬ್ತನ್ನು ನೋಡಿಲ್ಲ, ಅಭಿನಂದನೆಗಳು. ಕೂಲಿ, ಸಿಮೆಂಟು, ಪಾಲಿಷ್, ನಿಮ್ಮ ಲಾಭ ಎಲ್ಲ ಸೇರಿ 3,500 ಹಿಡಿದಿದ್ದೇನೆ. ಹೆಚ್ಚಾಯಿತೆಂದು ಭಾವಮೈದನ ಅಭಿಪ್ರಾಯ, ಸರಿಯಾಗಿದೆ ಎಂದು ಮನಿಪ್ಲಾಂಟಿನ ಒಡತಿಯ ಅಭಿಪ್ರಾಯ.

ಇನ್ನು ಬಣ್ಣ. ಇಲ್ಲಿ ನನಗೆ ನನ್ನ ಹಳೇ ಖುರ್ಚಿ ವಾಪಸು ಸಿಕ್ಕಂತಾಯಿತು. ನೀವು ಹಾಕಿರುವ ಅಳತೆ 5,236 ಚದರಡಿ, ಮೊತ್ತ 1,15,192. ಟೇಪು ತೆಗೆದುಕೊಂಡು ನಾನೂ ಅಳೆದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ನಮ್ಮವಳನ್ನು ಕರೆದಾಗ ಸಾರಿಗೆ ಒಗ್ಗರಣೆ ಹಾಕುವ ಹೊತ್ತು, ಆದ್ದರಿಂದ ತುದಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಅಳೆದೆ. ಎರಡು ಸಲ ಅದು ಬಿಟ್ಟುಕೊಂಡು ಬಂದು ನನ್ನ ಗೆಣ್ಣಿಗೆ ಹೊಡೆಯಿತು. ಅಳತೆಯ ಮೇಲೆ ಇದರಿಂದ ಪರಿಣಾಮವಾಗಿಲ್ಲ.

ನಿಮ್ಮ ಹುಡುಗ ಮಾಡಿದ್ದು ಇಷ್ಟು. ಪ್ರತಿ ಕೋಣೆಯ ಸುತ್ತಳತೆಯನ್ನು ಹತ್ತಡಿ ಎತ್ತರದಿಂದ ಗುಣಿಸಿ, ಸೂರಿನ ಅಳತೆ ಕೂಡಿಸಿ ಮುಂದಿನ ಕೋಣೆಗೆ ಹೋಗಿದ್ದಾನೆ. ಬಚ್ಚಲುಮನೆಯನ್ನೇ ನೋಡಿ. ಎಂಟಡಿಗೆ ಐದಡಿ, ಸುತ್ತಳತೆ 26 ಅಡಿ. ಅವನ ಲೆಕ್ಕದಲ್ಲಿ ಗೋಡೆ 260, ಸೂರು 40, ಒಟ್ಟು 300 ಚದರಡಿ ಬಣ್ಣ. ಆದರೆ ಅಲ್ಲಿ ಏಳಡಿ ಎತ್ತರದವರೆಗೆ ನೀವೇ ಟೈಲ್ಸ್ ಅಂಟಿಸಿದ್ದೀರಿ. ಬಣ್ಣ ಬಳಿದದ್ದು ಅದರ ಮೇಲಿನ ಮೂರಡಿಗೆ, ಅಂದರೆ 78 ಮತ್ತು ಸೂರಿನ 40, ಒಟ್ಟು 118. ಉಳಿದ 182 ಚದರಡಿಯಲ್ಲಿ ಟೈಲ್ಸಿನ ಮೇಲೆ ಬಣ್ಣ ಹಚ್ಚಿದ್ದರೆ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಡಿಗೆ ಕಟ್ಟೆಯ ಮೇಲಿನ ಟೈಲ್ಸಿಗೂ ಇದೇ ಗತಿ, ಹದಿನೇಳು ಅಡಿ ಉದ್ದ ಎರಡಡಿ ಎತ್ತರ, 34 ಚದರಡಿ. ಎರಡು ಮಲಗುವ ಕೋಣೆಗಳಲ್ಲಿ ನೆಲದಿಂದ ಸೂರಿನವರೆಗೆ ನಿಂತಿರುವ ವಾರ್ಡ್‌ರೋಬುಗಳ ಹಿಂದಿನ ಗೋಡೆ ತಲಾ 60, ಒಟ್ಟು 120. ಅವುಗಳ ಹಿಂದಕ್ಕೆ ಬ್ರಷ್ಷಿರಲಿ, ಹಲ್ಲಿಯೂ ಹೋಗುವುದಿಲ್ಲ.

ಬಾಗಿಲು ಕಿಟಕಿಗಳಲ್ಲಿ ಮಾತ್ರ ನಾನು ನಿಮ್ಮ ಪರವಾಗಿಯೇ ಇದ್ದೇನೆ. ಪಕ್ಕದ ಮನೆಯವರು "ಅಷ್ಟೂ ತೂತು ಕಳೀರಿ" ಎಂದು ಹುರಿದುಂಬಿಸಿದರು, ನಾನು ಕೇಳಲಿಲ್ಲ. ಕಟ್ಟಡ ಕೆಲಸದ ಅಳತೆಗೆ ಭಾರತೀಯ ಮಾನಕ ಐಎಸ್ 1200 ಎಂಬುದಿದೆ. ಸರ್ಕಾರಿ ಬಿಲ್ಲುಗಳೆಲ್ಲ ಅದರ ಪ್ರಕಾರವೇ ನಡೆಯುವುದು. ಅರ್ಧ ಚದರ ಮೀಟರಿನವರೆಗಿನ, ಅಂದರೆ ಸುಮಾರು ಐದೂವರೆ ಚದರಡಿಯ ತೂತುಗಳನ್ನು ಕಳೆಯಲೇಬಾರದು. ವೆಂಟಿಲೇಟರು ಹಾಗೆ ನಿಮಗೇ ಉಳಿಯಿತು. ಅರ್ಧದಿಂದ ಮೂರು ಚದರ ಮೀಟರಿನವರೆಗಿನ ಬಾಗಿಲು ಎರಡು ಕಡೆಯೂ ಒಂದೇ ಕೆಲಸ ಕಂಡ ಗೋಡೆಯಲ್ಲಿದ್ದರೆ ಒಂದು ಕಡೆ ಮಾತ್ರ ಕಳೆಯಬೇಕು, ಇನ್ನೊಂದು ಕಡೆ ಬಿಡಬೇಕು. ಯಾಕೆಂದರೆ ಬಾಗಿಲ ಸಂದಿನಲ್ಲಿ ಗೋಡೆಯ ದಪ್ಪದ ಭಾಗಕ್ಕೂ ಬಣ್ಣ ಹಚ್ಚಿರುತ್ತೀರಿ, ಅದನ್ನು ಬೇರೆ ಅಳೆಯುವುದಿಲ್ಲ. ಆ ಭಾಗಕ್ಕೆ ಈ ಬಿಟ್ಟದ್ದು ವಜಾ. ಮೂರು ಚದರ ಮೀಟರಿಗಿಂತ ದೊಡ್ಡದಾದರೆ ಪೂರ್ತಿ ಕಳೆದು, ಸಂದಿನ ಭಾಗವನ್ನು ಪ್ರತ್ಯೇಕ ಕೂಡಿಸಬೇಕು. ಇದೇ ನಿಯಮದಂತೆ ಹಿಡಿದರೆ ಬಾಗಿಲು ಕಿಟಕಿಗಳಿಗೆ 160 ಚದರಡಿ ಕಳೆಯಬೇಕಾಗುತ್ತದೆ.

ಎಲ್ಲ ಸೇರಿ 496 ಚದರಡಿ ಹೋಗಿ ಉಳಿಯುವುದು 4,740. ಇಪ್ಪತ್ತೆರಡರಂತೆ 1,04,280. ನಿಮ್ಮ ಬಿಲ್ಲಿಗಿಂತ 10,912 ಕಡಿಮೆ. ಈ ಲೆಕ್ಕವನ್ನು ಕೋಣೆವಾರು ಬರೆದು ಪತ್ರಕ್ಕೆ ಲಗತ್ತಿಸಿದ್ದೇನೆ, ಪೆನ್ನಿನಲ್ಲಿ.

"ಇತರೆ, 7,500" ಎಂಬ ಸಾಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಫೋನಿನಲ್ಲಿ ಕೇಳಿದಾಗ "ಮೊಳೆ, ಗೋಣಿಚೀಲ, ಹುಡುಗರ ಕಾಫಿ ತಿಂಡಿ, ಅದೂ ಇದೂ" ಎಂದಿರಿ. ವೈಟ್ ಸಿಮೆಂಟು, ಮೊಳೆ, ಮಾಸ್ಕಿಂಗ್ ಟೇಪು, ಉಪ್ಪುಕಾಗದ, ಎಲ್ಲವನ್ನೂ ಅಂಗಡಿಯಿಂದ ಹೊತ್ತು ತಂದವನು ಯಾರು ಎಂದು ಮೇಲೆಯೇ ನಿವೇದಿಸಿದ್ದೇನೆ. ಅಂಗಡಿಯವರು ನನ್ನನ್ನು ನಿಮ್ಮ ಕಡೆಯ ಹೊಸ ಮೇಸ್ತ್ರಿ ಎಂದೇ ತಿಳಿದು ಒಂದು ದಿನ ಕಮಿಷನ್ ಕೊಡಲು ಬಂದರು. ಕಾಫಿ ತಿಂಡಿಯ ವಿಷಯದಲ್ಲಿ, ನಮ್ಮ ಮನೆಯ ಉಪ್ಪಿಟ್ಟು ತಿಂದವರೇ ಅದಕ್ಕೆ ಬಿಲ್ಲು ಕಳಿಸಿದ್ದಾರೆ ಎಂದು ನಮ್ಮವಳಿಗೆ ನಾನು ಇನ್ನೂ ಹೇಳಿಲ್ಲ. ನೀವು ಆ ಸಾಲು ಹೊಡೆದುಹಾಕುವವರೆಗೆ ಹೇಳುವುದೂ ಇಲ್ಲ. ಇದನ್ನು ಬೆದರಿಕೆ ಎಂದು ಭಾವಿಸಿದರೂ ಅಡ್ಡಿಯಿಲ್ಲ.

ಕೊನೆಯದಾಗಿ, ಬಿಲ್ಲಿನಲ್ಲೇ ದೊಡ್ಡ ತಿಮಿಂಗಿಲ: "ಜಿಎಸ್‌ಟಿ ಶೇ. 18, ರೂ. 80,423." ಉಪ್ಪಿಟ್ಟಿಗೂ ಶೇಕಡಾ ಹದಿನೆಂಟು ಬಿದ್ದಿದೆ. ತೆರಿಗೆ ಕೊಡಲು ನನಗೆ ಹಿಂಜರಿಕೆಯಿಲ್ಲ, ಜೀವಮಾನವೆಲ್ಲ ಸರ್ಕಾರದ ಅನ್ನ ತಿಂದವನು. ಆದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರು ಎಲ್ಲಿದೆ? ಅದು ಹದಿನೈದು ಸ್ಥಾನದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ನಿಮ್ಮ ಬಿಲ್ಲಿನ ಮೇಲಿರುವುದು ಹತ್ತು ಅಂಕಿ, ಅದು ನಿಮ್ಮ ಮೊಬೈಲ್ ನಂಬರು. ವರ್ಷದ ವಹಿವಾಟು ಇಪ್ಪತ್ತು ಲಕ್ಷದೊಳಗಿದ್ದರೆ ಇಂಥ ಸೇವೆಯವರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ಮಾಡಿಸದಿದ್ದರೆ ತಪ್ಪೇನಿಲ್ಲ. ಆದರೆ ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ, 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 32ನೇ ಸೆಕ್ಷನ್ ಅದನ್ನು ನೇರವಾಗಿಯೇ ಹೇಳುತ್ತದೆ. ನಂಬರಿದ್ದರೆ ಅದನ್ನು ಹಾಕಿ ಸರಿಯಾದ ಟ್ಯಾಕ್ಸ್ ಇನ್‌ವಾಯ್ಸ್ ಕಳಿಸಿ. ಜಿಎಸ್‌ಟಿ ಜಾಲತಾಣದಲ್ಲಿ ಆ ನಂಬರು ಯಾರದೆಂದು ಯಾರು ಬೇಕಾದರೂ ನೋಡಬಹುದು, ನಾನೂ ನೋಡುತ್ತೇನೆ. ಕ್ಯಾಲೆಂಡರ್ ಹಾಳೆಯಲ್ಲಿ ತೆರಿಗೆ ಬೇರೆ ಎಂದು ಬರೆದಿರಲಿಲ್ಲವಲ್ಲ ಎಂಬ ಇನ್ನೊಂದು ಜಗಳ ನನ್ನ ಬಳಿ ಬಾಕಿ ಇದೆ. ಅದನ್ನು ಇನ್‌ವಾಯ್ಸ್ ಬಂದ ಮೇಲೆ ತೆಗೆಯೋಣ, ಎಲ್ಲವನ್ನೂ ಒಂದೇ ದಿನ ಖರ್ಚು ಮಾಡುವುದು ಬೇಡ.

ಹೀಗೆ, ಬಚ್ಚಲು 1,65,000, ಅಡಿಗೆಮನೆ 1,10,000, ಬಣ್ಣ 1,04,280, ಪೈಪು 18,600, ಮೋಲ್ಡಿಂಗ್ 6,500, ಗೂಡು 3,500. ಒಟ್ಟು 4,07,880. ಈಗಾಗಲೇ ಕಂತುಗಳಲ್ಲಿ ಕೊಟ್ಟಿರುವುದು 3,20,000. ಬಾಕಿ 87,880.

ಭಾವಮೈದನ ಆಸೆ ಬೇರೆ ಇತ್ತು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಣ, ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು, ಅಲ್ಲಿಯವರೆಗೆ ಒಂದು ಪೈಸೆಯೂ ಬಿಚ್ಚಬೇಡಿ ಎಂದ. ನನಗದು ಸರಿಕಾಣಲಿಲ್ಲ. ಒಪ್ಪಿದ ದುಡ್ಡನ್ನೂ ಹಿಡಿದುಕೊಂಡರೆ ತಕರಾರಿನ ಕಥೆ ಹೋಗಿ, ಕೆಲಸ ಮಾಡಿಸಿಕೊಂಡು ಕೈಯೆತ್ತಿದ ಮನೆಯವರ ಕಥೆಯಾಗುತ್ತದೆ. ಅದೂ ಅಲ್ಲದೆ ಕೆಲಸದ ಮೇಲೆ ನಮಗೆ ದೂರಿಲ್ಲ. ಬಚ್ಚಲಿನಲ್ಲಿ ಒಂದು ಚೊಂಬು ನೀರು ಎಲ್ಲೇ ಸುರಿದರೂ ಅತ್ತಿತ್ತ ನೋಡದೆ ನೇರ ಮೋರಿಯ ಬಾಯಿಗೆ ಹೋಗುತ್ತದೆ. ಇಂಥ ಇಳಿಜಾರು ಕೊಡುವ ಕೈ ಊರಿನಲ್ಲಿ ಎಷ್ಟಿವೆ? ಇದನ್ನು ನೀವು ಬಿಲ್ಲಿನಲ್ಲಿ ಹಾಕಿಲ್ಲ, ಮರೆತಿದ್ದೀರಿ ಅನ್ನಿಸುತ್ತದೆ. ನೆನಪಿಸುತ್ತಿಲ್ಲ. ಮಹಡಿಯ ಬಚ್ಚಲಿಗೂ ಇದೇ ಹುಡುಗರು ಬರಲಿ ಎಂದು ಈ ಪತ್ರ ಬರೆಯುವ ಮೊದಲೇ ಮನೆಯಲ್ಲಿ ತೀರ್ಮಾನವಾಗಿದೆ. ನನ್ನ ಅಭಿಪ್ರಾಯ ಕೇಳಿದರು, ತಲೆ ಆಡಿಸಿದೆ.

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಬಣ್ಣದ ಅಳತೆಯನ್ನು ಇಬ್ಬರೂ ನಿಂತು ಇನ್ನೊಮ್ಮೆ ಹಿಡಿಯೋಣ, ಟೇಪಿನ ಒಂದು ತುದಿಗೆ ಮನುಷ್ಯರು ಸಿಕ್ಕಂತಾಗುತ್ತದೆ. ನನ್ನ ಲೆಕ್ಕದಲ್ಲಿ ತಪ್ಪು ಕಂಡರೆ ಅಲ್ಲೇ ತಿದ್ದಿ ಇಬ್ಬರೂ ಸಹಿ ಹಾಕೋಣ. "ಈ ಕೆಲಸದ ಪೂರ್ಣ ಮತ್ತು ಅಂತಿಮ ಬಾಕಿ ಸಂದಾಯವಾಗಿದೆ" ಎಂಬ ರಸೀದಿಯನ್ನು ಟೈಪು ಮಾಡಿಸಿ ಇಟ್ಟಿದ್ದೇನೆ. ಅದಕ್ಕೆ ಸಹಿ ಹಾಕುವ ಮುನ್ನ ಓದಿ ನೋಡಿ, ಕಡಿಮೆ ದುಡ್ಡನ್ನೇ ಪೂರ್ತಿ ಎಂದು ಒಪ್ಪಿ ತೆಗೆದುಕೊಂಡರೆ ಉಳಿದದ್ದನ್ನು ಆಮೇಲೆ ಕೇಳಲು ಬರುವುದಿಲ್ಲ. ಇದನ್ನು ನಿಮಗೆ ಹೇಳಿದ್ದಕ್ಕೆ ಭಾವಮೈದ ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾನೆ.

87,880 ರೂಪಾಯಿಯ ಚೆಕ್ಕು ಇವತ್ತಿನ ತಾರೀಖು ಹಾಕಿ ಬರೆದಾಗಿದೆ. ಚೆಕ್ಕು ಬರೆದ ದಿನದಿಂದ ಮೂರು ತಿಂಗಳು ಮಾತ್ರ ನಡೆಯುತ್ತದೆ. ಬೇಗ ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಮನೆಯ ಮಾಲೀಕ (ದಾಖಲೆಗಳ ಪ್ರಕಾರ)